ಪಾಸಿಟಿವ್ ಆದ ಬಾಟಲಿ ಕೈಗೆ ಬಂದಾಗ: ಮೈಕ್ರೋಬಯಾಲಜಿ ಲ್ಯಾಬ್‌ಗೆ ಬರುವ ಹೊಸ ಇಂಟರ್ನ್‌ಗಳಿಗೆ ಒಂದು ಪತ್ರ

ಪ್ರೀತಿಯ ಇಂಟರ್ನ್‌ಗಳೇ,

ಬರುವ ವಾರದಿಂದ ನೀವು ಬ್ಲಡ್ ಕಲ್ಚರ್ ಬೆಂಚಿನಲ್ಲಿ ನಮ್ಮ ಜೊತೆ ಇರುತ್ತೀರಿ. ನಮ್ಮ ಲ್ಯಾಬಿನ ಎಲ್ಲ ಕೆಲಸಗಳ ಬಗ್ಗೆ ಬರೆದರೆ ಈ ಪತ್ರ ಮುಗಿಯುವುದಿಲ್ಲ. ಹಾಗಾಗಿ ಒಂದೇ ಕೆಲಸವನ್ನು ಆರಿಸಿಕೊಂಡಿದ್ದೇನೆ. ಮಷೀನು "ಪಾಸಿಟಿವ್" ಎಂದು ಕೂಗಿದ ಒಂದು ರಕ್ತದ ಬಾಟಲಿಯನ್ನು ತೆಗೆದು, ಸ್ಲೈಡು ಮಾಡಿ, ಪ್ಲೇಟಿಗೆ ಹಾಕುವ ಕೆಲಸ. ಇದನ್ನು ಸರಿಯಾಗಿ ಕಲಿತರೆ ಉಳಿದ ಬೆಂಚುಗಳಲ್ಲಿ ಕೈ ತಾನಾಗಿಯೇ ಹೊಂದಿಕೊಳ್ಳುತ್ತದೆ.

ಕಾಲೇಜಿನಲ್ಲಿ ಅಸೆಪ್ಟಿಕ್ ಟೆಕ್ನಿಕ್ ಒಂದು ಪಾಠ, ಬಯೋಸೇಫ್ಟಿ ಇನ್ನೊಂದು ಪಾಠ. ಮೊದಲನೆಯದರಲ್ಲಿ ನಮ್ಮ ಕ್ರಿಮಿ ಸ್ಯಾಂಪಲ್‌ಗೆ ಹೋಗಬಾರದು ಅಂತಾರೆ. ಎರಡನೆಯದರಲ್ಲಿ ಸ್ಯಾಂಪಲ್‌ನ ಕ್ರಿಮಿ ನಮಗೆ ಬರಬಾರದು ಅಂತಾರೆ. ಬೆಂಚಿನ ಮುಂದೆ ಕೂತಾಗ ಇವು ಎರಡಲ್ಲ. ಹೆಚ್ಚಿನ ಸಲ ಕೈಯ ಒಂದೇ ಚಲನೆ ಎರಡೂ ಕಡೆ ಕಾಯುತ್ತದೆ, ಇಲ್ಲವೇ ಎರಡೂ ಕಡೆ ಕೆಡಿಸುತ್ತದೆ. ಆದರೆ ಕೆಲವು ಕಡೆ ಇವು ಬೇರೆಯಾಗುತ್ತವೆ. ಅಪಾಯ ಇರುವುದು ಅಲ್ಲೇ.

ಹಂತ ಯಾವುದು ಎಂದು ನಿರ್ಧರಿಸುವುದು ಹೇಗೆ

ಬಯೋಸೇಫ್ಟಿಯಲ್ಲಿ ನಾಲ್ಕು ಹಂತ ಎಂದು ನಿಮಗೆ ಗೊತ್ತು. ಆರೋಗ್ಯವಂತರಿಗೆ ರೋಗ ತರದ ಕ್ರಿಮಿಗಳಿಗೆ ಒಂದನೆಯದು. ಸ್ಟ್ಯಾಫಿಲೋಕಾಕಸ್, ಸಾಲ್ಮೊನೆಲ್ಲಾ ಥರದವಕ್ಕೆ ಎರಡನೆಯದು. ಟಿಬಿ ಕಲ್ಚರಿನಂತೆ ಉಸಿರಿನ ಮೂಲಕ ಹರಡಿ ಗಂಭೀರ ರೋಗ ತರಬಲ್ಲವಕ್ಕೆ ಮೂರನೆಯದು. ಎಬೋಲಾ, ನಿಫಾ ಥರದ ವೈರಸ್‌ಗಳಿಗೆ ನಾಲ್ಕನೆಯದು. ಇಷ್ಟು ಪುಸ್ತಕದಲ್ಲಿದೆ.

ಆದರೆ ಹಂತ ಅನ್ನುವುದು ಕ್ರಿಮಿಯ ಹೆಸರಿಗೆ ಅಂಟಿಸಿದ ಚೀಟಿಯಲ್ಲ. ಯಾವ ಕ್ರಿಮಿ, ಅದರ ಜೊತೆ ಏನು ಮಾಡುತ್ತಿದ್ದೀರಿ, ಎಷ್ಟು ಪ್ರಮಾಣದಲ್ಲಿ ಮಾಡುತ್ತಿದ್ದೀರಿ, ಇವೆಲ್ಲ ಸೇರಿ ಹಂತ ನಿರ್ಧಾರವಾಗುತ್ತದೆ. ನಮ್ಮ ಊರಿನದೇ ಉದಾಹರಣೆ ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ವೈರಸ್ಸಿನಿಂದ ಬರುವ ಕಾಯಿಲೆ ಅದು. ಆ ವೈರಸ್ಸನ್ನು ಬೆಳೆಸಬೇಕಾದರೆ ಕನಿಷ್ಠ ಮೂರನೇ ಹಂತದ ಲ್ಯಾಬ್ ಬೇಕು. ಅಮೆರಿಕದವರು ಅದನ್ನು ನಾಲ್ಕನೇ ಹಂತಕ್ಕೇ ಸೇರಿಸಿದ್ದಾರೆ. ಆದರೆ ಅದೇ ರೋಗಿಯ ರಕ್ತವನ್ನು ಕ್ಯಾಬಿನೆಟ್ಟಿನೊಳಗೆ ತೆರೆದು, ವೈರಸ್ಸನ್ನು ನಿಷ್ಕ್ರಿಯ ಮಾಡುವ ದ್ರಾವಣಕ್ಕೆ ಹಾಕಿ, ಪಿಸಿಆರ್ ಮಾಡುವ ಕೆಲಸವನ್ನು ಎಚ್ಚರಿಕೆಯಿಂದ ಎರಡನೇ ಹಂತದಲ್ಲೇ ಮಾಡಬಹುದು. ವೈರಸ್ ಒಂದೇ, ಮಾಡುವ ಕೆಲಸ ಬೇರೆ.

ನಮ್ಮದು ಎರಡನೇ ಹಂತದ ಲ್ಯಾಬ್. ರೋಗಿಯ ರಕ್ತದಲ್ಲಿ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ತುಂಬಾ ಕಡಿಮೆ ಇರುತ್ತದೆ. ಒಂದು ಮಿಲಿಲೀಟರಿನಲ್ಲಿ ಕೆಲವೇ ಕೆಲವು ಇರಬಹುದು. ಅದೇ ರಕ್ತ ಬಾಟಲಿಯಲ್ಲಿ ಒಂದೆರಡು ದಿನ 35 ಡಿಗ್ರಿಯಲ್ಲಿ ಬೆಳೆದು ಮಷೀನು ಕೂಗುವ ಹೊತ್ತಿಗೆ, ಒಂದು ಮಿಲಿಲೀಟರಿನಲ್ಲಿ ಕೋಟಿಗಟ್ಟಲೆ ಇರುತ್ತದೆ. ಅಂದರೆ ಪಾಸಿಟಿವ್ ಆದ ಬಾಟಲಿ ಬರೀ ರಕ್ತದ ಸ್ಯಾಂಪಲ್ ಅಲ್ಲ, ಅದು ಕಲ್ಚರ್. ಒಳಗೆ ಯಾವುದಿದೆ ಎಂದು ಆ ಹೊತ್ತಿಗೆ ಯಾರಿಗೂ ಗೊತ್ತಿರುವುದಿಲ್ಲ. ಮೂರನೇ ಹಂತದಲ್ಲಿ ಬೆಳೆಸಬೇಕಾದ ಬ್ರುಸೆಲ್ಲಾ ನಮ್ಮ ಎರಡನೇ ಹಂತದ ಬೆಂಚಿಗೆ ಬರುವುದು ಇದೇ ದಾರಿಯಲ್ಲಿ, ಹೆಸರು ಹೇಳದೆ.

ಯಾವ ಪೆಟ್ಟಿಗೆಯ ಮುಂದೆ ಕೂತಿದ್ದೀರಿ

ನಮ್ಮ ಲ್ಯಾಬ್‌ಗಳಲ್ಲಿ ಗಾಜಿನ ಮುಚ್ಚಳ, ಫ್ಯಾನು ಇರುವ ಪೆಟ್ಟಿಗೆಗಳನ್ನೆಲ್ಲ "ಲ್ಯಾಮಿನಾರ್" ಎಂದೇ ಕರೆಯುವ ರೂಢಿ ಇದೆ. ಈ ರೂಢಿ ಅಪಾಯಕಾರಿ. ಮೊದಲನೇ ದಿನವೇ ಎರಡನ್ನೂ ಬೇರೆ ಮಾಡಿ ನೋಡಲು ಕಲಿಯಿರಿ.

ಮೀಡಿಯಾ ಸುರಿಯುವ ಕೋಣೆಯಲ್ಲಿರುವುದು ಲ್ಯಾಮಿನಾರ್ ಫ್ಲೋ ಬೆಂಚು. ಅದು ಗಾಳಿಯನ್ನು ಫಿಲ್ಟರ್ ಮಾಡಿ, ಹಿಂದಿನಿಂದ ಮುಂದಕ್ಕೆ, ಅಂದರೆ ನಿಮ್ಮ ಮುಖದ ಕಡೆಗೆ ಊದುತ್ತದೆ. ಖಾಲಿ ಪ್ಲೇಟುಗಳಿಗೆ ಇದು ಬಹಳ ಒಳ್ಳೆಯದು. ಅದರಲ್ಲಿ ರೋಗಿಯ ಸ್ಯಾಂಪಲ್ ತೆರೆದರೆ, ಅದರಿಂದ ಏಳುವ ತುಂತುರು ನೇರ ನಿಮ್ಮ ಮೂಗಿಗೆ ಬರುತ್ತದೆ. ಸ್ಯಾಂಪಲ್ ಶುದ್ಧ, ನೀವು ಅಪಾಯದಲ್ಲಿ. ಅಸೆಪ್ಟಿಕ್ ಟೆಕ್ನಿಕ್ ಮತ್ತು ಬಯೋಸೇಫ್ಟಿ ಬೇರೆಯಾಗುವ ಜಾಗ ಇದೇ.

ಕಲ್ಚರ್ ಕೋಣೆಯಲ್ಲಿರುವುದು ಎರಡನೇ ದರ್ಜೆಯ ಬಯೋಸೇಫ್ಟಿ ಕ್ಯಾಬಿನೆಟ್. ಅದು ಕೋಣೆಯ ಗಾಳಿಯನ್ನು ಮುಂಭಾಗದ ಜಾಲರಿಯ ಮೂಲಕ ಒಳಗೆ ಎಳೆದುಕೊಳ್ಳುತ್ತದೆ. ಮೇಲಿನಿಂದ ಫಿಲ್ಟರ್ ಆದ ಗಾಳಿ ಕೆಳಗೆ ಇಳಿಯುತ್ತದೆ. ಹೊರಹೋಗುವ ಗಾಳಿಯೂ ಹೆಪಾ ಫಿಲ್ಟರ್ ದಾಟಿಯೇ ಹೋಗುತ್ತದೆ. ಹೀಗೆ ಇದು ಸ್ಯಾಂಪಲ್ಲನ್ನೂ ನಿಮ್ಮನ್ನೂ ಕಾಯುತ್ತದೆ. ನಿಮಗೆ ಅನುಮಾನ ಇದ್ದರೆ ಒಂದು ತೆಳು ಟಿಶ್ಯೂ ಚೂರನ್ನು ಗಾಜಿನ ಕೆಳಗಿನ ಅಂಚಿನಲ್ಲಿ ಹಿಡಿಯಿರಿ. ಒಳಗೆ ವಾಲಿದರೆ ಗಾಳಿ ಒಳಗೆ ಹೋಗುತ್ತಿದೆ. ನಿಮ್ಮ ಕಡೆ ಹಾರಿದರೆ, ಸುಮ್ನೆ ತೂಗಾಡಿದರೆ, ಅಲ್ಲಿ ಕೆಲಸ ಮಾಡಬೇಡಿ. ಟಿಶ್ಯೂ ಪರೀಕ್ಷೆ ದಿಕ್ಕು ಮಾತ್ರ ತೋರಿಸುತ್ತದೆ, ಗಾಳಿಯ ವೇಗ ಸಾಕಷ್ಟಿದೆಯಾ ಎಂದು ಹೇಳುವುದಿಲ್ಲ. ಅದಕ್ಕೆ ವರ್ಷಕ್ಕೊಮ್ಮೆ ನಡೆಯುವ ತಪಾಸಣೆಯ ಚೀಟಿಯ ದಿನಾಂಕ ನೋಡಿ.

ಈ ಕ್ಯಾಬಿನೆಟ್ಟಿನ ಮುಂದೆ ಇರುವುದು ಗಾಳಿಯ ಒಂದು ತೆರೆ ಮಾತ್ರ. ಅದು ಬಹಳ ಸುಲಭವಾಗಿ ಹರಿದುಹೋಗುತ್ತದೆ. ಹಿಂದೆ ಯಾರೋ ಬಿರಬಿರನೆ ನಡೆದರೆ, ಎದುರಿನ ಫ್ಯಾನು ತಿರುಗಿದರೆ, ನೀವು ಕೈಯನ್ನು ಅಡ್ಡಕ್ಕೆ ಬೀಸಿದರೆ, ಜಾಲರಿಯ ಮೇಲೆ ರಿಜಿಸ್ಟರ್ ಇಟ್ಟರೆ ಸಾಕು. ಒಳಗೆ ಬನ್ಸನ್ ಬರ್ನರ್ ಹಚ್ಚಬೇಡಿ. ಬಿಸಿಗಾಳಿ ಮೇಲಕ್ಕೆ ಎದ್ದು ಇಳಿಯುವ ಗಾಳಿಯನ್ನು ಕೆಡಿಸುತ್ತದೆ, ಫಿಲ್ಟರನ್ನೂ ಹಾಳು ಮಾಡಬಹುದು. ಜೊತೆಗೆ ಒಳಗೆ ಸ್ಪಿರಿಟ್ ಬೇರೆ ಇರುತ್ತದೆ. ಒಳಗೆ ಬಿಸಾಡುವ ಪ್ಲಾಸ್ಟಿಕ್ ಲೂಪ್ ಬಳಸಿ.

ಕೈ ಒಳಗೆ ಹೋಗುವ ಮೊದಲು

ಕ್ಯಾಬಿನೆಟ್ ಆನ್ ಮಾಡಿ ಕನಿಷ್ಠ ಐದು ನಿಮಿಷ ಓಡಲು ಬಿಡಿ. ಯುವಿ ದೀಪ ಹಾಕಿದ್ದರೆ ಅದು ಆರಿದೆಯಾ ನೋಡಿ, ಅದು ಕಣ್ಣು, ಚರ್ಮ ಸುಡುತ್ತದೆ. ಯುವಿ ಇದೆ ಅಂತ ಒರೆಸುವುದನ್ನು ಬಿಡಬೇಡಿ. ಧೂಳಿನ ಕೆಳಗೆ, ನೆರಳಿನಲ್ಲಿ ಅದು ಏನೂ ಮಾಡುವುದಿಲ್ಲ.

ಆ ಐದು ನಿಮಿಷದಲ್ಲಿ ಕೈ ತೊಳೆದು, ಮುಂದೆ ತೆರೆಯದ ಗೌನ್ ಹಾಕಿ, ಗ್ಲೌಸ್ ಹಾಕಿ. ಗ್ಲೌಸಿನ ಅಂಚು ಗೌನಿನ ತೋಳಿನ ಮೇಲೆ ಬರಬೇಕು, ಮಣಿಕಟ್ಟು ಕಾಣಬಾರದು. ಉಂಗುರ, ವಾಚು ತೆಗೆದಿಡಿ. ಆಮೇಲೆ 70 ಶೇಕಡಾ ಆಲ್ಕೊಹಾಲಿನಿಂದ ಒಳಗಿನ ನೆಲ, ಗೋಡೆ ಒರೆಸಿ. ಶುದ್ಧ ಆಲ್ಕೊಹಾಲ್ ಇನ್ನೂ ಗಟ್ಟಿ ಅಲ್ವಾ ಎಂದು ಹಲವರು ಕೇಳುತ್ತಾರೆ. ಅಲ್ಲ. ಕ್ರಿಮಿಯ ಪ್ರೋಟೀನ್ ಕೆಡಲು ನೀರೂ ಬೇಕು, ಶುದ್ಧ ಆಲ್ಕೊಹಾಲ್ ಬೇಗ ಆವಿಯಾಗಿಯೂ ಹೋಗುತ್ತದೆ. 70 ಶೇಕಡಾ ಕೂಡ ಸ್ಪೋರ್‌ಗಳನ್ನು ಕೊಲ್ಲುವುದಿಲ್ಲ ಅನ್ನುವುದು ನೆನಪಿರಲಿ.

ಸಾಮಾನನ್ನೆಲ್ಲ ಮೊದಲೇ ಒಳಗೆ ಇಡಿ. ಒಂದು ಕಡೆ ಶುದ್ಧವಾದದ್ದು: ಪ್ಲೇಟು, ಲೂಪು, ಸ್ಲೈಡು. ನಡುವೆ ಕೆಲಸದ ಜಾಗ. ಇನ್ನೊಂದು ಕಡೆ ಕೊಳಕಾದದ್ದು: ಸೂಜಿ ಹಾಕುವ ಗಟ್ಟಿ ಡಬ್ಬಿ, ಬಳಸಿದ ಲೂಪಿನ ಪಾತ್ರೆ. ಕಸದ ಪಾತ್ರೆ ಹೊರಗೆ ನೆಲದ ಮೇಲಿದ್ದರೆ ಪ್ರತಿ ಸಲ ಕೈ ಹೊರಗೆ ಬರುತ್ತದೆ, ಪ್ರತಿ ಸಲ ಗಾಳಿಯ ತೆರೆ ಹರಿದುಹೋಗುತ್ತದೆ. ಪ್ಲೇಟಿನ ಹೆಸರು, ನಂಬರು ಮುಚ್ಚಳದ ಮೇಲಲ್ಲ, ತಳದ ಮೇಲೆ ಬರೆಯಿರಿ. ಮುಚ್ಚಳಗಳು ಅದಲುಬದಲಾಗುತ್ತವೆ.

ಕೈಯನ್ನು ನೇರವಾಗಿ, ನಿಧಾನವಾಗಿ ಒಳಗೆ ತನ್ನಿ. ಒಂದು ನಿಮಿಷ ಸುಮ್ನೆ ಇರಿ, ಗಾಳಿ ಮತ್ತೆ ಸರಿಯಾಗಲಿ. ಜಾಲರಿಯಿಂದ ಕನಿಷ್ಠ 10 ಸೆಂಟಿಮೀಟರ್ ಒಳಗೆ ಕೆಲಸ ಮಾಡಿ.

ಬಾಟಲಿಯಿಂದ ಪ್ಲೇಟಿನವರೆಗೆ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಜುಲೈ ತಿಂಗಳು, ಉಡುಪಿ ಕಡೆಯ ಒಬ್ಬ ಕೃಷಿಕರು. ಸಕ್ಕರೆ ಕಾಯಿಲೆ ಇದೆ, ಎರಡು ವಾರದಿಂದ ಜ್ವರ. ಎರಡು ಕೈಯಿಂದ ಎರಡು ಸೆಟ್ ರಕ್ತ ಬಂದಿದೆ. ಮೂವತ್ತು ಗಂಟೆಯ ಹೊತ್ತಿಗೆ ಎರಡೂ ಸೆಟ್ ಪಾಸಿಟಿವ್. ಕೋರಿಕೆ ಚೀಟಿಯಲ್ಲಿ "ಜ್ವರ, ಕಾರಣ ಗೊತ್ತಿಲ್ಲ" ಎಂದಷ್ಟೇ ಇದೆ. ವಯಸ್ಸು, ಊರು, ಕೆಲಸ, ಸಕ್ಕರೆ ಕಾಯಿಲೆ ಇವು ವಾರ್ಡಿಗೆ ಫೋನ್ ಮಾಡಿದಾಗ ಸಿಕ್ಕಿದ್ದು. ಬಾಟಲಿ ತೆರೆಯುವ ಮೊದಲೇ ಈ ಫೋನ್ ಮಾಡಿ. ಬಯೋಸೇಫ್ಟಿಯ ಎಷ್ಟೋ ಭಾಗ ಇಂಥ ಮಾಹಿತಿಯಲ್ಲೇ ಇದೆ.

ಬಾಟಲಿಯನ್ನು ನಿಧಾನವಾಗಿ ತಲೆಕೆಳಗು ಮಾಡಿ ಬೆರೆಸಿ, ಕುಲುಕಬೇಡಿ. ರಬ್ಬರ್ ಮುಚ್ಚಳವನ್ನು ಆಲ್ಕೊಹಾಲಿನಿಂದ ಉಜ್ಜಿ ಪೂರ್ತಿ ಒಣಗಲು ಬಿಡಿ. ಒದ್ದೆಯಾಗಿರುವಾಗಲೇ ಚುಚ್ಚಿದರೆ ಕ್ರಿಮಿ ಸಾಯಲು ಬೇಕಾದ ಸಮಯವೂ ಸಿಗುವುದಿಲ್ಲ, ಆಲ್ಕೊಹಾಲೂ ಒಳಗೆ ಹೋಗುತ್ತದೆ. ಬೆಳೆಯುವ ಬ್ಯಾಕ್ಟೀರಿಯಾದಿಂದ ಅನಿಲ ಬಂದು ಬಾಟಲಿಯೊಳಗೆ ಒತ್ತಡ ಇರಬಹುದು. ಹಾಗಾಗಿ ಚುಚ್ಚುವ ಜಾಗದ ಸುತ್ತ ಆಲ್ಕೊಹಾಲ್ ಹತ್ತಿ ಹಿಡಿದು, ಬಾಟಲಿಯನ್ನು ನೇರ ನಿಲ್ಲಿಸಿ, ಫಿಲ್ಟರ್ ಇರುವ ವೆಂಟ್ ಸೂಜಿ ಚುಚ್ಚಿ. ಸಿರಿಂಜಿನಲ್ಲಿ ತೆಗೆಯುವುದಾದರೆ ಗುಳ್ಳೆ ಬಂತು ಅಂತ ಗಾಳಿಯಲ್ಲಿ ಚಿಮ್ಮಿಸಬೇಡಿ. ಆ ಒಂದು ಚಿಮ್ಮಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ಹನಿಗಳು ಏಳುತ್ತವೆ. ಐದು ಮೈಕ್ರಾನಿಗಿಂತ ಸಣ್ಣ ಹನಿ ಒಣಗಿ ಗಾಳಿಯಲ್ಲೇ ತೇಲುತ್ತದೆ, ಉಸಿರಿನ ಜೊತೆ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ, ಸಿರಿಂಜಿನ ಸಮೇತ ಗಟ್ಟಿ ಡಬ್ಬಿಗೆ ಹಾಕಿ.

ಒಂದು ಸಣ್ಣ ಹನಿಯನ್ನು ಸ್ಲೈಡಿನ ಮೇಲೆ ಹರಡಿ, ಕ್ಯಾಬಿನೆಟ್ಟಿನೊಳಗೇ ಒಣಗಲು ಬಿಡಿ. ಬೆಂಕಿಯ ಬದಲು ಮೆಥನಾಲ್ ಹಾಕಿ ಎರಡು ನಿಮಿಷ ಫಿಕ್ಸ್ ಮಾಡಿ. ಒದ್ದೆ ಸ್ಮಿಯರ್ ಹೊರಗೆ ತಂದು ಜ್ವಾಲೆಯ ಮೇಲೆ ಹಿಡಿಯುವ ಹಳೇ ಅಭ್ಯಾಸ ಬೇಡ.

ಆಮೇಲೆ ಬ್ಲಡ್ ಅಗರ್, ಚಾಕೊಲೇಟ್ ಅಗರ್, ಮ್ಯಾಕ್‌ಕಾಂಕಿ ಪ್ಲೇಟುಗಳ ಅಂಚಿಗೆ ಒಂದೊಂದು ಹನಿ ಹಾಕಿ. ಮುಚ್ಚಳವನ್ನು ಪೂರ್ತಿ ತೆಗೆದು ಬದಿಗಿಡಬೇಡಿ, ಒಂದು ಅಂಚು ಮಾತ್ರ ಎತ್ತಿ ಪ್ಲೇಟಿನ ಮೇಲೆ ಚಪ್ಪರದಂತೆ ಹಿಡಿಯಿರಿ. ಮೊದಲ ಭಾಗದಲ್ಲಿ ಹನಿಯನ್ನು ಹರಡಿ. ಹೊಸ ಲೂಪ್ ತೆಗೆದು, ಮೊದಲ ಭಾಗದ ಅಂಚನ್ನು ಎರಡು ಮೂರು ಸಲ ದಾಟಿಸಿ ಎರಡನೇ ಭಾಗಕ್ಕೆ ಎಳೆಯಿರಿ. ಹೀಗೇ ಮೂರು, ನಾಲ್ಕು. ಲೂಪನ್ನು ಅಗರಿನ ಮೇಲೆ ಹಗುರವಾಗಿ ಜಾರಿಸಿ, ಕೆರೆಯಬೇಡಿ. ಪ್ಲೇಟನ್ನು ತಲೆಕೆಳಗು ಮಾಡಿ ಇನ್‌ಕ್ಯುಬೇಟರಿಗೆ ಇಡಿ, ಮುಚ್ಚಳದ ನೀರು ಅಗರಿನ ಮೇಲೆ ಬೀಳದಿರಲಿ.

ತಪ್ಪಾದದ್ದನ್ನು ಪ್ಲೇಟೇ ಹೇಳುತ್ತದೆ

ಮರುದಿನ ಕಾಲೋನಿಯ ಬಣ್ಣ, ಆಕಾರ ನೋಡುವ ಮೊದಲು ಅದು ಎಲ್ಲಿ ಬೆಳೆದಿದೆ ಎಂದು ನೋಡಿ. ನೀವು ಎಳೆದ ಗೆರೆಯ ಮೇಲೆ ಬೆಳೆದಿದ್ದರೆ ಅದು ಲೂಪಿನ ಜೊತೆ ಬಂದದ್ದು. ಗೆರೆಯಿಂದ ದೂರ, ಖಾಲಿ ಜಾಗದಲ್ಲಿ ಒಂಟಿ ಕಾಲೋನಿ ಇದ್ದರೆ ಅದು ಗಾಳಿಯಿಂದಲೋ ನಿಮ್ಮ ತೋಳಿನಿಂದಲೋ ಬಿದ್ದದ್ದು. ಮೊದಲ ಭಾಗದಲ್ಲಿ ಇಲ್ಲದ ಜಾತಿ ಎರಡನೇ ಭಾಗದಿಂದ ಶುರುವಾಗಿದ್ದರೆ ಆ ಲೂಪು ಮಲಿನವಾಗಿತ್ತು. ಇದಕ್ಕೇ ನಾವು ಪ್ರತಿ ಹೊಸ ಬ್ಯಾಚಿನ ಕೆಲವು ಪ್ಲೇಟುಗಳನ್ನು ಏನೂ ಹಾಕದೆ ಇನ್‌ಕ್ಯುಬೇಟ್ ಮಾಡುವುದು. ಅವುಗಳಲ್ಲೇ ಬೆಳೆದರೆ ತಪ್ಪು ನಿಮ್ಮದಲ್ಲ, ಮೀಡಿಯಾದ್ದು.

ಇದು ರೋಗಿಗೆ ನೇರ ತಟ್ಟುವ ವಿಷಯ. ಚರ್ಮದ ಮೇಲಿನ ಸ್ಟ್ಯಾಫಿಲೋಕಾಕಸ್ ಎಪಿಡರ್ಮಿಡಿಸ್ ಎರಡು ಸೆಟ್‌ಗಳಲ್ಲಿ ಒಂದರಲ್ಲಿ ಮಾತ್ರ, ತಡವಾಗಿ ಬೆಳೆದರೆ, ಅದು ರಕ್ತ ತೆಗೆಯುವಾಗಲೇ ಚರ್ಮದಿಂದ ಬಂದಿರುವ ಸಾಧ್ಯತೆ ಜಾಸ್ತಿ. ಅದನ್ನು ನಿಜವಾದ ಸೋಂಕು ಎಂದು ಬರೆದು ಕಳಿಸಿದರೆ ರೋಗಿ ದಿನಗಟ್ಟಲೆ ಬೇಡದ ವ್ಯಾಂಕೊಮೈಸಿನ್ ತೆಗೆದುಕೊಳ್ಳುತ್ತಾರೆ.

ನಮ್ಮ ಕೃಷಿಕರ ಬಾಟಲಿಗೆ ಬರೋಣ. ಗ್ರಾಂ ಬಣ್ಣ ಹಾಕಿದ ಸ್ಲೈಡಿನಲ್ಲಿ ಕೆಂಪು ಕಡ್ಡಿಗಳು. ಕೆಲವು ಎರಡು ತುದಿಯಲ್ಲಿ ಗಾಢ, ನಡುವೆ ತೆಳು, ನೋಡಲು ಸೇಫ್ಟಿ ಪಿನ್ನಿನಂತೆ. ಕರಾವಳಿ, ಮಳೆಗಾಲ, ಮಣ್ಣಿನ ಕೆಲಸ, ಸಕ್ಕರೆ ಕಾಯಿಲೆ ಎಲ್ಲ ಕೂಡಿದಾಗ ಮನಸ್ಸಿಗೆ ಬರಬೇಕಾದ ಹೆಸರು ಬರ್ಕ್‌ಹೋಲ್ಡೇರಿಯಾ ಸ್ಯೂಡೋಮಾಲಿಯೈ, ಅಂದರೆ ಮೆಲಿಯೊಯಿಡೋಸಿಸ್. ನಮ್ಮ ಕರಾವಳಿಯಲ್ಲಿ ಇದು ಅಪರೂಪದ ಪರದೇಶಿ ರೋಗವಲ್ಲ. ಮರುದಿನ ಪ್ಲೇಟಿನಲ್ಲಿ ಸಣ್ಣ, ನಯವಾದ ಕಾಲೋನಿಗಳು, ಆಕ್ಸಿಡೇಸ್ ಪಾಸಿಟಿವ್. ಈ ಹಂತದಲ್ಲಿ "ಯಾವುದೋ ಸ್ಯೂಡೊಮೊನಾಸ್" ಎಂದು ಬದಿಗಿಡುವುದು ಸಾಮಾನ್ಯ ತಪ್ಪು. ಕಾಲೋನಿ ಒಣಗಿ ಸುಕ್ಕುಗಟ್ಟುವುದು ಎರಡು ಮೂರು ದಿನದ ಮೇಲೆ. ಅದಕ್ಕೆ ಕಾಯಬಾರದು. ಜೆಂಟಾಮೈಸಿನ್ ಮತ್ತು ಕೊಲಿಸ್ಟಿನ್ ಎರಡಕ್ಕೂ ಬಗ್ಗದೆ, ಅಮಾಕ್ಸಿಸಿಲಿನ್-ಕ್ಲಾವುಲನೇಟಿಗೆ ಬಗ್ಗಿದರೆ ಅನುಮಾನ ಗಟ್ಟಿಯಾಗುತ್ತದೆ. ಆಟೊಮ್ಯಾಟಿಕ್ ಮಷೀನು ಇದನ್ನು ಹತ್ತಿರದ ಬೇರೆ ಜಾತಿಯ ಹೆಸರಿನಲ್ಲಿ ಗುರುತಿಸುವುದುಂಟು, ಮಷೀನಿನ ಮಾತೊಂದನ್ನೇ ನಂಬಬೇಡಿ.

ಇನ್ನೊಂದು ಚಿತ್ರ ಇದೆ. ಸ್ಲೈಡಿನಲ್ಲಿ ನುಣ್ಣನೆ ಮರಳು ಚೆಲ್ಲಿದಂತೆ ತೀರಾ ಸಣ್ಣ, ಮಸುಕಾದ ಕೆಂಪು ಚುಕ್ಕೆಗಳು, ಬಾಟಲಿ ಎರಡು ಮೂರು ದಿನದ ನಂತರ ಪಾಸಿಟಿವ್, ರೋಗಿ ಕುರಿ-ಮೇಕೆ, ದನ ಸಾಕುವವರು. ಇದು ಬ್ರುಸೆಲ್ಲಾ ಇರಬಹುದು. ಲ್ಯಾಬಿನಲ್ಲಿ ಕೆಲಸ ಮಾಡುವವರಿಗೆ ತಗಲುವ ಬ್ಯಾಕ್ಟೀರಿಯಾ ಸೋಂಕುಗಳಲ್ಲಿ ಅತಿ ಹೆಚ್ಚು ವರದಿಯಾಗುವುದು ಇದೇ.

ಈ ಎರಡರಲ್ಲಿ ಯಾವ ಅನುಮಾನ ಬಂದರೂ ಮಾಡಬೇಕಾದದ್ದು ಒಂದೇ. ಕೈ ನಿಲ್ಲಿಸಿ. ಪ್ಲೇಟುಗಳ ಅಂಚಿಗೆ ಟೇಪ್ ಸುತ್ತಿ, "ಕ್ಯಾಬಿನೆಟ್ಟಿನಲ್ಲಿ ಮಾತ್ರ ತೆರೆಯಿರಿ" ಎಂದು ಬರೆಯಿರಿ. ತೆರೆದ ಬೆಂಚಿನಲ್ಲಿ ಕ್ಯಾಟಲೇಸ್ ಮಾಡಬೇಡಿ, ಆ ನೊರೆಯ ಗುಳ್ಳೆ ಒಡೆದಾಗಲೂ ತುಂತುರು ಏಳುತ್ತದೆ. ಮಷೀನಿಗಾಗಿ ಸಸ್ಪೆನ್ಷನ್ ಮಾಡಬೇಡಿ. ಪ್ಲೇಟು ಮೂಸಿ ನೋಡಬೇಡಿ, ಯಾವ ಪ್ಲೇಟನ್ನೂ, ಯಾವತ್ತೂ. ನನ್ನನ್ನೋ ಡ್ಯೂಟಿ ಡಾಕ್ಟರನ್ನೋ ಕರೆಯಿರಿ. ಮುಂದಿನ ಪರೀಕ್ಷೆ ಕ್ಯಾಬಿನೆಟ್ಟಿನೊಳಗೆ, ಎನ್-95 ಹಾಕಿಕೊಂಡು ಅನುಭವ ಇರುವವರು ಮಾಡುತ್ತಾರೆ. ದೃಢಪಡಿಸಲು ಬೇಕಾದರೆ ಅದಕ್ಕೆ ಸಜ್ಜಾದ ರೆಫರೆನ್ಸ್ ಲ್ಯಾಬ್‌ಗೆ ಕಳಿಸುತ್ತೇವೆ. ವಾರ್ಡಿಗೂ ಅವತ್ತೇ ಫೋನ್ ಹೋಗಬೇಕು. ಮೆಲಿಯೊಯಿಡೋಸಿಸ್‌ಗೆ ಸೆಫ್ಟ್ರಿಯಾಕ್ಸೋನ್ ಸಾಲುವುದಿಲ್ಲ, ಸೆಫ್ಟಾಜಿಡೈಮ್ ಅಥವಾ ಮೆರೊಪೆನೆಮ್ ಬೇಕು.

ಚೆಲ್ಲಿದರೆ

ನಮ್ಮ ಹೈಪೊಕ್ಲೋರೈಟ್ ಕ್ಯಾನು 5 ಶೇಕಡಾದ್ದು. 1 ಶೇಕಡಾ ಮಾಡಲು ಒಂದು ಭಾಗ ಹೈಪೊಗೆ ನಾಲ್ಕು ಭಾಗ ನೀರು: 200 ಮಿಲಿ ಹೈಪೊ, 800 ಮಿಲಿ ನೀರು. ಕ್ಯಾನಿನ ಮೇಲೆ 10 ಶೇಕಡಾ ಎಂದಿದ್ದರೆ ಲೆಕ್ಕ ಬೇರೆ, 100ಕ್ಕೆ 900. ಪ್ರತಿ ಬೆಳಿಗ್ಗೆ ಹೊಸದಾಗಿ ಮಾಡಿ, ದಿನಾಂಕ ಬರೆಯಿರಿ. ನಿನ್ನೆಯದನ್ನು ಚೆಲ್ಲಿ, ಅದರ ಶಕ್ತಿ ಇಳಿದಿರುತ್ತದೆ.

ಕ್ಯಾಬಿನೆಟ್ಟಿನೊಳಗೆ ಚೆಲ್ಲಿದರೆ ಫ್ಯಾನು ಆರಿಸಬೇಡಿ, ಅದೇ ನಿಮ್ಮನ್ನು ಕಾಯುತ್ತಿರುವುದು. ಚೆಲ್ಲಿದ್ದರ ಮೇಲೆ ಟಿಶ್ಯೂ ಹಾಸಿ, ಅಂಚಿನಿಂದ ನಡುವಿಗೆ ಹೈಪೊ ಸುರಿದು ಅರ್ಧ ಗಂಟೆ ಬಿಡಿ. ನಂತರ ಒರೆಸಿ ತೆಗೆದು, ಸ್ಟೀಲು ತುಕ್ಕು ಹಿಡಿಯದಂತೆ ನೀರಿನಿಂದ ಒರೆಸಿ. ಹೊರಗೆ, ನೆಲದ ಮೇಲೆ ಬಾಟಲಿ ಒಡೆದರೆ ಒರೆಸಲು ಬಾಗಬೇಡಿ. ಉಸಿರು ಹಿಡಿದು, ಎಲ್ಲರಿಗೂ ಹೇಳಿ, ಎಲ್ಲರೂ ಹೊರಗೆ ಬನ್ನಿ. ಬಾಗಿಲು ಮುಚ್ಚಿ ಚೀಟಿ ಅಂಟಿಸಿ. ಅರ್ಧ ಗಂಟೆ ತುಂತುರು ಇಳಿಯಲು ಬಿಟ್ಟು, ಎನ್-95, ಗೌನು, ಜೋಡಿ ಗ್ಲೌಸು ಹಾಕಿಕೊಂಡವರು ಒಳಗೆ ಹೋಗುತ್ತಾರೆ. ಗಾಜಿನ ಚೂರನ್ನು ಚಿಮಟದಿಂದ ಎತ್ತಬೇಕು, ಕೈಯಿಂದ ಅಲ್ಲ.

ಕೆಲಸ ಮುಗಿದ ಮೇಲೆ

ಕಲ್ಚರ್ ಪ್ಲೇಟು, ಬಾಟಲಿಗಳು ಲ್ಯಾಬ್ ಬಿಡುವ ಮೊದಲೇ ಆಟೊಕ್ಲೇವ್ ಆಗಬೇಕು. ಇದು 2016ರ ಬಯೋಮೆಡಿಕಲ್ ತ್ಯಾಜ್ಯ ನಿಯಮ. ಮೀಡಿಯಾಗೆ 121 ಡಿಗ್ರಿಯಲ್ಲಿ 15 ನಿಮಿಷ ಸಾಕು. ಕಸದ ಚೀಲಕ್ಕೆ ಅಷ್ಟು ಸಾಲದು, ಚೀಲದ ನಡುವಿಗೆ ಹಬೆ ತಲುಪಲು ಹೊತ್ತು ಬೇಕು. ನಾವು 121 ಡಿಗ್ರಿ, 15 ಪೌಂಡ್ ಒತ್ತಡದಲ್ಲಿ ಒಂದು ಗಂಟೆ ಇಡುತ್ತೇವೆ. ಚೀಲವನ್ನು ಬಿಗಿಯಾಗಿ ಕಟ್ಟಬೇಡಿ, ಹಬೆ ಒಳಗೆ ಹೋಗದಿದ್ದರೆ ಮೀಟರ್ ಎಷ್ಟು ತೋರಿಸಿದರೂ ಒಳಗಿನದು ಸತ್ತಿರುವುದಿಲ್ಲ. ಬಣ್ಣ ಬದಲಾಗುವ ಟೇಪ್, ಚೀಲದ ಹೊರಗೆ ಬಿಸಿ ತಟ್ಟಿದೆ ಎಂದು ಮಾತ್ರ ಹೇಳುತ್ತದೆ. ನಿಜವಾದ ಪರೀಕ್ಷೆ ಜಿಯೋಬ್ಯಾಸಿಲಸ್ ಸ್ಪೋರ್ ಇರುವ ಸಣ್ಣ ಬಾಟಲಿಯದು, ಅದನ್ನು ಕಸದ ನಡುವೆ ಇಟ್ಟು ಓಡಿಸಿ, ಆಮೇಲೆ ಬೆಳೆಯುತ್ತದಾ ನೋಡುತ್ತೇವೆ. ಹೈಪೊ ಹಾಕಿದ ಕಸವನ್ನು ಆಟೊಕ್ಲೇವಿಗೆ ಹಾಕಬೇಡಿ, ವಿಷಗಾಳಿ ಬರುತ್ತದೆ.

ಗ್ಲೌಸನ್ನು ಒಳಮೈ ಹೊರಗೆ ಬರುವಂತೆ ಕಳಚಿ, ಗೌನು ಲ್ಯಾಬಿನಲ್ಲೇ ಬಿಟ್ಟು, ಸೋಪಿನಿಂದ ಕೈ ತೊಳೆದು ಹೊರಡಿ. ಗ್ಲೌಸ್ ಹಾಕಿದ ಕೈಯಿಂದ ಬಾಗಿಲ ಹಿಡಿ, ಫೋನು ಮುಟ್ಟಬೇಡಿ. ಮೊಬೈಲ್ ಬೆಂಚಿನ ಕೋಣೆಗೆ ಬರುವುದೇ ಬೇಡ.

ಸೂಜಿ ಚುಚ್ಚಿದರೆ ಹಿಂಡಬೇಡಿ, ಹರಿಯುವ ನೀರು ಮತ್ತು ಸೋಪಿನಿಂದ ತೊಳೆದು ಕೂಡಲೇ ಹೇಳಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಕೆಲವೇ ಗಂಟೆಗಳಲ್ಲಿ ಶುರು ಮಾಡಬೇಕು, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ. ಬ್ರುಸೆಲ್ಲಾ ಪ್ಲೇಟನ್ನು ತೆರೆದ ಬೆಂಚಿನಲ್ಲಿ ತೆರೆದಿದ್ದರೆ, ಆ ಹೊತ್ತಿಗೆ ಕೋಣೆಯಲ್ಲಿ ಯಾರೆಲ್ಲ ಇದ್ದರು ಎಂದು ಪಟ್ಟಿ ಮಾಡಬೇಕು. ಅಪಾಯ ಜಾಸ್ತಿ ಇದ್ದವರಿಗೆ ಡಾಕ್ಟರು ಮೂರು ವಾರ ಮಾತ್ರೆ ಕೊಡುತ್ತಾರೆ. ಆರು ತಿಂಗಳು ಎಲ್ಲರ ಮೇಲೂ ಕಣ್ಣಿಡುತ್ತಾರೆ, ಏಕೆಂದರೆ ಈ ಜ್ವರ ವಾರಗಳು, ತಿಂಗಳುಗಳ ನಂತರವೂ ಬರಬಹುದು. ಯಾರು ತಪ್ಪು ಮಾಡಿದರು ಎಂದು ಆ ಪಟ್ಟಿಯಲ್ಲಿ ಬರೆಯುವುದಿಲ್ಲ. ಮುಚ್ಚಿಟ್ಟರೆ ಮಾತ್ರ ಪಕ್ಕದಲ್ಲಿ ಕೂತಿದ್ದವರಿಗೆ ಮಾತ್ರೆ ಸಿಗದೆ ಹೋಗುತ್ತದೆ.

ಇಂಟರ್ನ್‌ಶಿಪ್ ಮುಗಿದು ಹೋದ ಮೇಲೂ, ಕಾರಣವಿಲ್ಲದ ಜ್ವರ ಬಂದರೆ, ನೀವು ಯಾವ ಬೆಂಚಿನಲ್ಲಿ ಕೆಲಸ ಮಾಡಿದ್ದಿರಿ ಎಂದು ನೋಡುವ ಡಾಕ್ಟರಿಗೆ ಹೇಳಿ. ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಆಗಿರುವ ಕಾಗದ ಸೋಮವಾರ ತನ್ನಿ, ಅದು ಸಿಗುವವರೆಗೆ ಬಾಟಲಿ ನಿಮ್ಮ ಕೈಗೆ ಕೊಡುವುದಿಲ್ಲ.

ನಿಮ್ಮ,
ಬ್ಲಡ್ ಕಲ್ಚರ್ ಬೆಂಚಿನ ಟೆಕ್ನಿಷಿಯನ್